ಕಿಮೊಥೆರಪಿಯ ನಡುವೆ ಕರಗುವ ದೇಹ: ಕ್ಯಾಕೆಕ್ಸಿಯಾದ ಅಳತೆ ಮತ್ತು ಆಹಾರದ ಗುರಿ



ಕಿಮೊಥೆರಪಿ ಪಡೆಯುತ್ತಿರುವ ಕ್ಯಾನ್ಸರ್ ರೋಗಿ ಸೊರಗುತ್ತಿದ್ದಾನೆ ಎಂಬುದು ಮನೆಯವರ ಕಣ್ಣಿಗೆ ಮೊದಲು ಬೀಳುತ್ತದೆ. ಆ ಸೊರಗುವಿಕೆ ಯಾವ ಬಗೆಯದು, ಅದರಲ್ಲಿ ಎಷ್ಟನ್ನು ಊಟದಿಂದ ತಡೆಯಬಹುದು, ಎಷ್ಟನ್ನು ತಡೆಯಲಾಗದು ಎಂಬುದನ್ನು ಹೇಳಲು ಮಾತ್ರ ಅಳತೆ ಬೇಕು. ಈ ಉಪನ್ಯಾಸದ ವ್ಯಾಪ್ತಿ ಅಷ್ಟೇ. ಕ್ಯಾಕೆಕ್ಸಿಯಾ ಎಂದರೇನು ಎಂಬುದನ್ನು ಮೊದಲು ಸ್ಪಷ್ಟಪಡಿಸಿ, ಬಳಿಕ ಕಿಮೊ ವಾರ್ಡಿನಲ್ಲಿ ಅದನ್ನು ಅಳೆಯುವ ಕ್ರಮವನ್ನು ವಿವರಿಸಿ, ಒಬ್ಬ ರೋಗಿಯ ಲೆಕ್ಕವನ್ನು ಪೂರ್ತಿಯಾಗಿ ಬಿಡಿಸಿ, ಕೊನೆಗೆ ಔಷಧಗಳನ್ನೂ ಗುರಿ ಬದಲಿಸಬೇಕಾದ ಹಂತವನ್ನೂ ನೋಡಲಾಗುವುದು.

ಉಪವಾಸದಿಂದ ಇಳಿಯುವ ದೇಹಕ್ಕೂ ಕ್ಯಾಕೆಕ್ಸಿಯಾದಿಂದ ಇಳಿಯುವ ದೇಹಕ್ಕೂ ಮೂಲದಲ್ಲೇ ವ್ಯತ್ಯಾಸವಿದೆ. ಆರೋಗ್ಯವಂತ ಮನುಷ್ಯ ಅನ್ನವಿಲ್ಲದೆ ಉಳಿದರೆ ದೇಹ ತನ್ನ ಖರ್ಚನ್ನು ತಗ್ಗಿಸಿಕೊಂಡು ಮೊದಲು ಕೊಬ್ಬನ್ನು ಬಳಸುತ್ತದೆ, ಸ್ನಾಯುವನ್ನು ಸಾಧ್ಯವಾದಷ್ಟು ದಿನ ಕಾಪಾಡುತ್ತದೆ. ಮತ್ತೆ ಊಟ ಸಿಕ್ಕರೆ ಕಳೆದುಹೋದದ್ದು ತಿರುಗಿ ಬರುತ್ತದೆ. ಕ್ಯಾನ್ಸರಿನಲ್ಲಿ ಗೆಡ್ಡೆಯೂ ಅದಕ್ಕೆ ಪ್ರತಿಕ್ರಿಯಿಸುವ ದೇಹವೂ ಉರಿಯೂತದ ರಾಸಾಯನಿಕಗಳನ್ನು ರಕ್ತಕ್ಕೆ ಬಿಡುತ್ತಿರುತ್ತವೆ. ಅವು ಮೆದುಳಿನಲ್ಲಿ ಹಸಿವನ್ನು ಅಡಗಿಸುತ್ತವೆ. ಸ್ನಾಯುವಿನ ಪ್ರೋಟೀನನ್ನು ಒಡೆಯುತ್ತವೆ. ತಿಂದ ಪ್ರೋಟೀನ್ ಸ್ನಾಯುವಾಗಿ ಸೇರುವುದಕ್ಕೂ ಅಡ್ಡ ಬರುತ್ತವೆ. ಹೀಗಾಗಿ ರೋಗಿ ಕಡಿಮೆ ತಿನ್ನುವುದೂ ನಿಜ, ತಿಂದದ್ದು ಮೈಗೆ ಹತ್ತದಿರುವುದೂ ನಿಜ. 2011ರಲ್ಲಿ ಅಂತರರಾಷ್ಟ್ರೀಯ ತಜ್ಞರು ಒಮ್ಮತದಿಂದ ಕೊಟ್ಟ ವ್ಯಾಖ್ಯೆಯ ತಿರುಳೂ ಇದೇ: ಸ್ನಾಯು ನಿರಂತರವಾಗಿ ಕರಗುತ್ತದೆ, ಕೊಬ್ಬು ಕರಗಬಹುದು ಅಥವಾ ಕರಗದಿರಬಹುದು, ಸಾಮಾನ್ಯ ಪೋಷಣೆಯಿಂದ ಅದನ್ನು ಪೂರ್ತಿ ಹಿಂದಿರುಗಿಸಲಾಗದು, ದಿನ ಕಳೆದಂತೆ ಕೆಲಸದ ಶಕ್ತಿ ಕುಗ್ಗುತ್ತದೆ.

‘ಪೂರ್ತಿ ಹಿಂದಿರುಗಿಸಲಾಗದು’ ಎಂಬ ಮಾತನ್ನು ಆಹಾರದ ಗುರಿ ಇಡುವಾಗ ಮರೆಯಬಾರದು. ಭಾಗಶಃ ತಡೆಯಬಹುದು ಎಂಬುದೂ ಅದರೊಳಗೇ ಇದೆ. ರೋಗಿಯ ತೂಕ ಇಳಿಯುವುದಕ್ಕೆ ಕಡಿಮೆ ಊಟ ಎಷ್ಟು ಕಾರಣವೋ ಅಷ್ಟು ಭಾಗ ಊಟಕ್ಕೆ ಬಗ್ಗುತ್ತದೆ. ಉರಿಯೂತ ಎಷ್ಟು ಕಾರಣವೋ ಆ ಭಾಗ ಗೆಡ್ಡೆ ಕುಗ್ಗುವವರೆಗೆ ಊಟಕ್ಕೆ ಬಗ್ಗುವುದಿಲ್ಲ. ಅಳತೆಯ ಉದ್ದೇಶ ಈ ಎರಡನ್ನೂ ಬೇರ್ಪಡಿಸಿ ನೋಡುವುದು.

ಅದೇ ಒಮ್ಮತ ಮೂರು ಹಂತಗಳನ್ನು ಗುರುತಿಸಿತು. ತೂಕ ಶೇ. 5ರೊಳಗೆ ಇಳಿದು, ಹಸಿವು ಕುಂದಿ, ರಕ್ತದಲ್ಲಿ ಬದಲಾವಣೆ ಶುರುವಾಗಿದ್ದರೆ ಅದು ಪೂರ್ವಹಂತ. ಆರು ತಿಂಗಳಲ್ಲಿ ಶೇ. 5ಕ್ಕಿಂತ ಹೆಚ್ಚು ತೂಕ ಇಳಿದಿದ್ದರೆ, ಅಥವಾ ಮೊದಲೇ ತೆಳ್ಳಗಿದ್ದವರಲ್ಲಿ ಇಲ್ಲವೇ ಸ್ನಾಯು ಕಡಿಮೆಯಿದ್ದವರಲ್ಲಿ ಶೇ. 2ಕ್ಕಿಂತ ಹೆಚ್ಚು ಇಳಿದಿದ್ದರೆ, ಅದು ಕ್ಯಾಕೆಕ್ಸಿಯಾ. ಕ್ಯಾನ್ಸರ್ ಯಾವ ಚಿಕಿತ್ಸೆಗೂ ಜಗ್ಗದೆ, ರೋಗಿ ಬಹುಪಾಲು ಹಾಸಿಗೆಯಲ್ಲೇ ಇದ್ದು, ಉಳಿದ ಆಯುಷ್ಯ ಮೂರು ತಿಂಗಳಿಗಿಂತ ಕಡಿಮೆ ಎಂದು ವೈದ್ಯರಿಗೆ ತೋರಿದರೆ ಅದು ಮರಳದ ಹಂತ. ನಮ್ಮ ಜನರ ಮೈಕಟ್ಟು ಪಶ್ಚಿಮದವರಿಗಿಂತ ಭಿನ್ನವಾದ್ದರಿಂದ ಏಷ್ಯಾದ ತಜ್ಞರ ಗುಂಪು 2023ರಲ್ಲಿ ಇನ್ನಷ್ಟು ಮುಂಚೆ ಎಚ್ಚರಿಸುವ ಮಾನದಂಡವನ್ನು ಕೊಟ್ಟಿತು. ಮೂರರಿಂದ ಆರು ತಿಂಗಳಲ್ಲಿ ಶೇ. 2ರಷ್ಟು ತೂಕ ಇಳಿದಿದ್ದು ಅಥವಾ ಬಿ.ಎಂ.ಐ. 21ಕ್ಕಿಂತ ಕಡಿಮೆಯಿದ್ದು, ಜೊತೆಗೆ ಹಸಿವಿಲ್ಲದಿರುವುದು, ಕೈಹಿಡಿತ ಕುಂದಿರುವುದು, ಸಿ.ಆರ್.ಪಿ. ಏರಿರುವುದು ಇವುಗಳಲ್ಲಿ ಒಂದಾದರೂ ಇದ್ದರೆ ಕ್ಯಾಕೆಕ್ಸಿಯಾ ಎಂದು ಪರಿಗಣಿಸಬೇಕು ಎಂಬುದು ಅದರ ಸಲಹೆ. ಬೆಳಗಾವಿಯ ಕಿಮೊ ವಾರ್ಡಿಗೆ ಇದೇ ಹೆಚ್ಚು ಹೊಂದುತ್ತದೆ.

ಈಗ ಅಳತೆಯ ವಿಷಯಕ್ಕೆ ಬರಬಹುದು. ಎಲ್ಲಕ್ಕೂ ಮೊದಲು ತೂಕ. ಇದು ಸುಲಭದ ಕೆಲಸವೆಂದು ತೋರುತ್ತದೆ, ಆದರೆ ತಪ್ಪುಗಳು ಹೆಚ್ಚು ನುಸುಳುವುದು ಇಲ್ಲೇ. ಉತ್ತರ ಕರ್ನಾಟಕದ ರೋಗಿ ಬಹುಕಾಲ ಹುಬ್ಬಳ್ಳಿಯ ನವನಗರಕ್ಕೋ ಮೀರಜ್‌ಗೋ ಮುಂಬೈಯ ಟಾಟಾ ಆಸ್ಪತ್ರೆಗೋ ಅಲೆದವನು. ಅವನ ಚೀಟಿಗಳಲ್ಲಿರುವ ತೂಕಗಳು ಬೇರೆ ಬೇರೆ ತಕ್ಕಡಿಗಳವು. 2025ರ ಜನವರಿ 3ರಂದು ರಾಷ್ಟ್ರಪತಿ ದ್ರೌಪದಿ ಮುರ್ಮು ಅವರು ಉದ್ಘಾಟಿಸಿದ ಕೆ.ಎಲ್.ಇ. ಸಂಸ್ಥೆಯ ಕ್ಯಾನ್ಸರ್ ಆಸ್ಪತ್ರೆಯೂ ಸೇರಿದಂತೆ ಬೆಳಗಾವಿಯಲ್ಲೇ ಚಿಕಿತ್ಸೆ ಸಿಗತೊಡಗಿರುವುದರಿಂದ ಒಂದು ಅನುಕೂಲವಾಗಿದೆ: ಮೂರು ವಾರಕ್ಕೊಮ್ಮೆ ಅದೇ ರೋಗಿಯನ್ನು ಅದೇ ತಕ್ಕಡಿಯ ಮೇಲೆ ನಿಲ್ಲಿಸಬಹುದು. ಚಪ್ಪಲಿ ಬಿಡಿಸಿ, ಶಾಲು ಸ್ವೆಟರ್ ತೆಗೆಸಿ, ಸಲಾಯಿನ್ ಹಚ್ಚುವ ಮೊದಲೇ ತೂಗಬೇಕು. ಬಾಟ್ಲಿ ಏರಿಸಿದ ಮೇಲೆ ತೂಗಿದರೆ ಒಂದು ಕಿಲೊವರೆಗೂ ನೀರಿನ ಭಾರವೇ ಸೇರಿಕೊಳ್ಳುತ್ತದೆ.

ಇಂದಿನ ತೂಕಕ್ಕಿಂತ ಆರು ತಿಂಗಳ ಹಿಂದಿನ ತೂಕವನ್ನು ಹುಡುಕುವುದು ಕಷ್ಟ. ಜಾಂಬೋಟಿ, ಕಣಕುಂಬಿ, ಗುಂಜಿ ಕಡೆಯ ಹಳ್ಳಿಗಳಿಂದ ಬರುವ ಅನೇಕರಿಗೆ ತಮ್ಮ ತೂಕ ತಿಳಿದಿರುವುದೇ ಇಲ್ಲ. ಆಗ ಪ್ರಾಥಮಿಕ ಆರೋಗ್ಯ ಕೇಂದ್ರದ ಬಿ.ಪಿ.-ಶುಗರ್ ತಪಾಸಣೆಯ ದಾಖಲೆ, ಹಳೆಯ ಆಪರೇಷನ್ನಿನ ಡಿಸ್ಚಾರ್ಜ್ ಚೀಟಿ, ಯಾವುದಾದರೂ ಶಿಬಿರದ ಕಾರ್ಡು ಸಿಗುತ್ತದೆಯೇ ನೋಡಬೇಕು. ಅದೂ ಇಲ್ಲದಿದ್ದರೆ ಪ್ಯಾಂಟಿನ ಬೆಲ್ಟು ಎಷ್ಟು ತೂತು ಒಳಗೆ ಹೋಗಿದೆ, ಕುಪ್ಪಸದ ತೋಳು ಎಷ್ಟು ಸಡಿಲವಾಗಿದೆ, ಬಳೆ ಮೊಣಕೈವರೆಗೆ ಜಾರುತ್ತದೆಯೇ ಎಂದು ಕೇಳಬೇಕು. ಇವು ಕಿಲೊ ಲೆಕ್ಕ ಕೊಡುವುದಿಲ್ಲ, ಆದರೆ ‘ಇಳಿದಿದೆ’ ಎಂಬುದನ್ನು ಖಚಿತಪಡಿಸುತ್ತವೆ. ಆ ದಿನದಿಂದಾದರೂ ತೂಕದ ಸಾಲು ಆರಂಭವಾಗಲಿ.

ತೂಕ ಸುಳ್ಳು ಹೇಳುವ ಸಂದರ್ಭಗಳೂ ಇವೆ. ಹೊಟ್ಟೆಯಲ್ಲಿ ನೀರು ತುಂಬಿದ್ದರೆ, ಕಾಲು ಊದಿದ್ದರೆ, ಸ್ನಾಯು ಕರಗಿದಷ್ಟು ಜಾಗವನ್ನು ನೀರು ಭರ್ತಿ ಮಾಡುತ್ತದೆ. ಮೊಳಕಾಲಿನ ಕೆಳಗಿನ ಎಲುಬಿನ ಮೇಲೆ ಹೆಬ್ಬೆರಳನ್ನು ಕೆಲವು ಸೆಕೆಂಡು ಒತ್ತಿ ಹಿಡಿದು, ತೆಗೆದ ಮೇಲೆ ಗುಳಿ ಉಳಿಯುತ್ತದೆಯೇ ಎಂದು ನೋಡಿದರೆ ಇದು ತಿಳಿಯುತ್ತದೆ. ದಪ್ಪಗಿದ್ದ ರೋಗಿಯ ಪಾಡು ಇನ್ನೊಂದು ಬಗೆಯದು. ಕೊಬ್ಬಿನ ಕೆಳಗೆ ಸ್ನಾಯು ಕರಗುತ್ತಿದ್ದರೂ ‘ಇನ್ನೂ ಚೆನ್ನಾಗೇ ಇದ್ದಾರೆ’ ಎಂದು ಎಲ್ಲರೂ ನಿರಾಳವಾಗುತ್ತಾರೆ. ಸ್ತನದ ಕ್ಯಾನ್ಸರಿನ ಚಿಕಿತ್ಸೆಯಲ್ಲಿರುವ ಹೆಣ್ಣುಮಕ್ಕಳಲ್ಲಿ ಇದು ಕಣ್ತಪ್ಪಿ ಹೋಗುವುದುಂಟು.

ಆದ್ದರಿಂದ ತೂಕದ ಜೊತೆ ಶಕ್ತಿಯನ್ನೂ ಅಳೆಯಬೇಕು. ಕೈಹಿಡಿತ ಅಳೆಯುವ ಉಪಕರಣವಿದ್ದರೆ ಗಂಡಸರಲ್ಲಿ 28 ಕಿಲೊಗಿಂತ, ಹೆಂಗಸರಲ್ಲಿ 18 ಕಿಲೊಗಿಂತ ಕಡಿಮೆ ಬಂದರೆ ಕುಂದಿದೆ ಎಂದರ್ಥ. ಉಪಕರಣವಿಲ್ಲದ ಕಡೆ ಒಂದು ಕುರ್ಚಿ ಸಾಕು. ಎರಡೂ ಕೈಗಳನ್ನು ಎದೆಯ ಮೇಲೆ ಕಟ್ಟಿಸಿ, ಐದು ಸಲ ಎದ್ದು ಕೂರಲು ಹೇಳಿ ಗಡಿಯಾರ ನೋಡಬೇಕು. 12 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ತೊಡೆಯ ಸ್ನಾಯು ಸೋತಿದೆ. ಖಾನಾಪುರದ ತಾಲೂಕು ಆಸ್ಪತ್ರೆಯಲ್ಲೂ ಹಳ್ಳಿಯ ಉಪಕೇಂದ್ರದಲ್ಲೂ ಇದನ್ನು ಮಾಡಬಹುದು.

ರಕ್ತಪರೀಕ್ಷೆಗಳಲ್ಲಿ ಸಿ.ಆರ್.ಪಿ. ಉರಿಯೂತದ ಸೂಚಕ. ಆಲ್ಬುಮಿನ್ ಕುರಿತು ಮಾತ್ರ ಒಂದು ತಪ್ಪು ತಿಳಿವಳಿಕೆ ಆಳವಾಗಿ ಬೇರೂರಿದೆ. ಅದು ಕಡಿಮೆಯಾದರೆ ಪ್ರೋಟೀನ್ ಕೊರತೆಯಾಗಿದೆ ಎಂದು ಭಾವಿಸಿ ದುಬಾರಿ ಪುಡಿಯ ಡಬ್ಬಿಯನ್ನೋ ಆಲ್ಬುಮಿನ್ ಬಾಟ್ಲಿಯನ್ನೋ ತರಿಸುವುದುಂಟು. ಉರಿಯೂತ ಏರಿದಾಗ ಆಲ್ಬುಮಿನ್ ತಾನಾಗಿ ಇಳಿಯುತ್ತದೆ. ಅದು ರೋಗದ ತೀವ್ರತೆಯನ್ನು ಹೇಳುತ್ತದೆ, ತಟ್ಟೆಯಲ್ಲಿ ಏನಿತ್ತು ಎಂಬುದನ್ನು ಹೇಳುವುದಿಲ್ಲ. ಸಿ.ಆರ್.ಪಿ. ಲೀಟರಿಗೆ 10 ಮಿಲಿಗ್ರಾಮ್ ದಾಟಿ, ಆಲ್ಬುಮಿನ್ ಡೆಸಿಲೀಟರಿಗೆ 3.5 ಗ್ರಾಮಿನ ಕೆಳಗಿಳಿದಿದ್ದರೆ ಆ ರೋಗಿಯ ತೂಕವನ್ನು ಕೇವಲ ಊಟದಿಂದ ಏರಿಸುವುದು ಕಷ್ಟ ಎಂದು ಮೊದಲೇ ಅರಿತು ಗುರಿ ಇಡಬೇಕು.

ಉಳಿದದ್ದು ಊಟದ ವಿಚಾರಣೆ. ‘ಊಟ ಮಾಡ್ತೀರೇನ್ರಿ?’ ಎಂದರೆ ‘ಹೂಂ, ಮಾಡ್ತೀನ್ರಿ’ ಎಂಬ ಉತ್ತರವೇ ಬರುತ್ತದೆ. ನಿನ್ನೆ ಬೆಳಗ್ಗೆ ಎದ್ದಾಗಿನಿಂದ ಮಲಗುವವರೆಗೆ ಬಾಯಿಗೆ ಹೋದದ್ದನ್ನು ಒಂದೊಂದಾಗಿ, ಬಟ್ಟಲಿನ ಅಳತೆಯಲ್ಲಿ ಕೇಳಬೇಕು. ಬಡಿಸಿದ್ದೆಷ್ಟು ಎನ್ನುವುದರ ಜೊತೆಗೆ ಬಿಟ್ಟದ್ದೆಷ್ಟು ಎಂದೂ ಕೇಳಬೇಕು. ಗಡಿಭಾಗದ ಮನೆಗಳಲ್ಲಿ ಮರಾಠಿಯಲ್ಲಿ ಕೇಳಿದರೆ ಮಾತ್ರ ಅಜ್ಜಿ ಬಾಯಿಬಿಡುತ್ತಾಳೆ ಎಂದರೆ ಮರಾಠಿಯಲ್ಲೇ ಕೇಳಬೇಕು. ಅಡಿಗೆ ಮಾಡುವವರು ಆ ಮಾತಿನ ವೇಳೆ ಎದುರಿಗಿರಬೇಕು. ಊಟ ಏಕೆ ಹೋಗುತ್ತಿಲ್ಲ ಎಂಬ ಪ್ರಶ್ನೆ ಅದರ ಬೆನ್ನಿಗೇ ಬರಬೇಕು. ‘ಎರಡು ತುತ್ತಿಗೆ ಹೊಟ್ಟಿ ತುಂಬಿದಂಗ ಆಗ್ತದ್ರಿ’, ‘ಬಾಯಿಗೆ ರುಚೀನ ಇಲ್ರಿ’, ‘ವಾಸನಿ ಬಂದ್ರ ವಾಂತಿ ಬರ್ತದ್ರಿ’ ಎಂಬ ಮಾತುಗಳ ಹಿಂದೆ ಬೇರೆ ಬೇರೆ ಕಾರಣಗಳೂ ಬೇರೆ ಬೇರೆ ಪರಿಹಾರಗಳೂ ಇವೆ. ಬಾಯಿ ತೆರೆಸಿ ಟಾರ್ಚ್ ಹಾಕಿ ನೋಡದೆ ಆಹಾರದ ಚೀಟಿ ಬರೆಯುವುದು ಸರಿಯಲ್ಲ. ನಾಲಗೆಯ ಮೇಲೆ ಬಿಳಿ ಪದರ ಕಟ್ಟಿದ್ದರೆ ಅದು ಶಿಲೀಂಧ್ರದ ಸೋಂಕಾಗಿರಬಹುದು. ಔಷಧಕ್ಕೆ ಕೆಲವೇ ದಿನಗಳಲ್ಲಿ ಹೋಗುತ್ತದೆ. ಬೆಳಗ್ಗೆ ತಿಂದದ್ದು ಸಂಜೆ ಹಾಗೆಯೇ ವಾಂತಿಯಾಗುತ್ತಿದ್ದರೆ ಜಠರದ ದಾರಿ ಕಟ್ಟಿದೆ ಎಂದು ಶಂಕಿಸಿ ವೈದ್ಯರಿಗೆ ಅಂದೇ ತಿಳಿಸಬೇಕು, ಏಕೆಂದರೆ ಅಲ್ಲಿ ಯಾವ ಆಹಾರ ಸಲಹೆಯೂ ನಡೆಯದು. ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ, ಕ್ಷಯ, ಖಿನ್ನತೆ, ತೀರದ ನೋವು ಇವೂ ತೂಕ ಇಳಿಸುತ್ತವೆ. ಇವೆಲ್ಲ ಸರಿಪಡಿಸಬಹುದಾದ ಭಾಗಕ್ಕೆ ಸೇರಿದವು.

ಇಷ್ಟು ಅಳತೆಗಳು ಒಬ್ಬ ರೋಗಿಯಲ್ಲಿ ಹೇಗೆ ಕೂಡಿಬರುತ್ತವೆ ಎಂಬುದನ್ನು ಈಗ ನೋಡೋಣ. ಇಲ್ಲಿ ಹೇಳುವ ರೋಗಿ ಉದಾಹರಣೆಗಾಗಿ ರೂಪಿಸಿದವನು. ಆದರೆ ಅವನ ಅಂಕಿಗಳಂಥವು ಈ ಭಾಗದ ಕಿಮೊ ವಾರ್ಡಿನಲ್ಲಿ ಯಾರಿಗೂ ಹೊಸವೆನಿಸವು. ಜಾಂಬೋಟಿ ಕಡೆಯ ರೈತ, ವಯಸ್ಸು 58, ಜಠರದ ಕ್ಯಾನ್ಸರ್. ಮೂರು ವಾರಕ್ಕೊಮ್ಮೆ ಬೆಳಗಾವಿಗೆ ಬಂದು ಆಕ್ಸಾಲಿಪ್ಲಾಟಿನ್ ಹಾಕಿಸಿಕೊಂಡು, ಮನೆಯಲ್ಲಿ 14 ದಿನ ಕ್ಯಾಪೆಸಿಟಾಬಿನ್ ಮಾತ್ರೆ ನುಂಗುವ ಕ್ರಮ. ಎತ್ತರ 165 ಸೆಂ.ಮೀ. ಆರು ತಿಂಗಳ ಹಿಂದೆ ಶಿಬಿರದ ಕಾರ್ಡಿನಲ್ಲಿ 62 ಕಿಲೊ ಇತ್ತು, ಈಗ 55. ಇಳಿದದ್ದು 7 ಕಿಲೊ, ಅಂದರೆ ಶೇ. 11ಕ್ಕಿಂತ ತುಸು ಹೆಚ್ಚು. ಬಿ.ಎಂ.ಐ. 20.2. ಇದೊಂದನ್ನೇ ನೋಡಿದವರು ‘ನಾರ್ಮಲ್’ ಎಂದು ಬರೆದು ಮುಂದೆ ಕಳಿಸುತ್ತಾರೆ. ಕೈಹಿಡಿತ 22 ಕಿಲೊ. ಕುರ್ಚಿಯಿಂದ ಐದು ಸಲ ಏಳಲು 16 ಸೆಕೆಂಡು. ಸಿ.ಆರ್.ಪಿ. 24, ಆಲ್ಬುಮಿನ್ 3.1. ಕ್ಯಾಕೆಕ್ಸಿಯಾ ಎನ್ನಲು ಯಾವ ಸಂಶಯವೂ ಇಲ್ಲ. ಆದರೆ ಅವನು ನಡೆದಾಡುತ್ತಾನೆ, ತನ್ನ ಕೆಲಸ ತಾನೇ ಮಾಡಿಕೊಳ್ಳುತ್ತಾನೆ, ಕಿಮೊ ಈಗಷ್ಟೇ ಶುರುವಾಗಿದೆ. ಮರಳದ ಹಂತವಂತೂ ಅಲ್ಲ.

ಅವನ ಒಂದು ದಿನದ ಊಟ ಹೀಗಿತ್ತು. ಬೆಳಗ್ಗೆ ಚಹಾ, ಎರಡು ಬಿಸ್ಕೀಟು. ಹತ್ತು ಗಂಟೆಗೆ ಒಂದು ಬಟ್ಟಲು ಗಂಜಿ. ಮಧ್ಯಾಹ್ನ ಒಂದು ಹಿಡಿ ಅನ್ನ, ತಿಳಿಸಾರು. ಸಂಜೆ ಮತ್ತೆ ಚಹಾ, ಬಿಸ್ಕೀಟು. ರಾತ್ರಿ ಅರ್ಧ ರೊಟ್ಟಿ, ಅರ್ಧ ಲೋಟ ಹಾಲು, ಮಲಗುವ ಮುನ್ನ ಇನ್ನೊಂದು ಬಟ್ಟಲು ಗಂಜಿ. ಒಟ್ಟು ಸುಮಾರು 800 ಕ್ಯಾಲೊರಿ, 20 ಗ್ರಾಮ್ ಪ್ರೋಟೀನ್. ಯುರೋಪಿನ ಪೋಷಣ ತಜ್ಞರ ಸಂಘದ ಮಾರ್ಗಸೂಚಿಯಂತೆ ಕ್ಯಾನ್ಸರ್ ರೋಗಿಗೆ ದಿನಕ್ಕೆ ಪ್ರತಿ ಕಿಲೊ ತೂಕಕ್ಕೆ 25ರಿಂದ 30 ಕ್ಯಾಲೊರಿ, ಒಂದರಿಂದ ಒಂದೂವರೆ ಗ್ರಾಮ್ ಪ್ರೋಟೀನ್ ಬೇಕು. 55 ಕಿಲೊಗೆ ಅದು ಸುಮಾರು 1,375ರಿಂದ 1,650 ಕ್ಯಾಲೊರಿ, ಪ್ರೋಟೀನ್ 55ರಿಂದ 80 ಗ್ರಾಮ್. ಅವನಿಗೆ ಹೋಗುತ್ತಿದ್ದದ್ದು ಕನಿಷ್ಠ ಅಗತ್ಯದ ಶೇ. 60ಕ್ಕೂ ಕಡಿಮೆ. ಅಂದರೆ ಅವನ ಇಳಿಕೆಯಲ್ಲಿ ಹಸಿವಿನ ಪಾಲು ದೊಡ್ಡದಿದೆ, ಆ ಪಾಲನ್ನು ಮರಳಿ ಗಳಿಸಲು ದಾರಿಯಿದೆ.

ಆ ಗಂಜಿಯ ಬಟ್ಟಲನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಕಾಯಿಲೆಯವರಿಗೆ ಗಂಜಿ, ಅಂಬಲಿ ಎಂಬುದು ಈ ನೆಲದಲ್ಲಿ ಪ್ರೀತಿಯ ಪದ್ಧತಿ, ಜೀರ್ಣಕ್ಕೂ ಹಗುರ. ಆದರೆ ಕಾಲು ಲೀಟರ್ ತೆಳು ಗಂಜಿಯಲ್ಲಿರುವ ಅಕ್ಕಿ ಒಂದು ಸಣ್ಣ ಹಿಡಿಯಷ್ಟು. 90 ಕ್ಯಾಲೊರಿ, 2 ಗ್ರಾಮ್ ಪ್ರೋಟೀನ್. ಖಾನಾಪುರ ಕಡೆಯ ರಾಗಿ ಅಂಬಲಿಯೂ ತೆಳುವಾಗಿದ್ದರೆ ಅಷ್ಟೇ, ಕೆಲವೊಮ್ಮೆ ಇನ್ನೂ ಕಡಿಮೆ. ಎರಡು ತುತ್ತಿಗೆ ತುಂಬಿಬಿಡುವ ಹೊಟ್ಟೆಯಲ್ಲಿ ಇಷ್ಟೊಂದು ಜಾಗವನ್ನು ನೀರಿಗೆ ಕೊಟ್ಟಂತಾಗುತ್ತದೆ. ಗಂಜಿ ಬಿಡಿಸಬೇಕಿಲ್ಲ. ಅದನ್ನೇ ಎಮ್ಮೆಹಾಲಿನಲ್ಲಿ ಗಟ್ಟಿಯಾಗಿ ಕಾಯಿಸಿ ಪುಟಾಣಿ ಹಿಟ್ಟು ಬೆರೆಸಿದರೆ ಅದೇ ಬಟ್ಟಲು ಮೂರು ಪಟ್ಟಿಗಿಂತ ಹೆಚ್ಚು ಶಕ್ತಿಯನ್ನೂ ಏಳೆಂಟು ಪಟ್ಟು ಪ್ರೋಟೀನನ್ನೂ ಹೊರುತ್ತದೆ.

ಇಲ್ಲಿಗೆ ಮುಖ್ಯ ಘಟ್ಟ ಬಂತು: ಗುರಿ ಇಡುವುದು. ಮಗ ಕೇಳುವುದು ‘ಮೊದಲಿನಂಗ 62 ಕಿಲೊ ಯಾವಾಗ ಆಗ್ತಾರ್ರಿ?’ ಎಂದು. ಸಿ.ಆರ್.ಪಿ. 24 ಇರುವ, ಜಠರದಲ್ಲಿ ಗೆಡ್ಡೆಯಿರುವ, ಕಿಮೊ ನಡೆದಿರುವ ರೋಗಿಗೆ 62 ಕಿಲೊ ಗುರಿಯಾಗಲಾರದು. ಅದನ್ನು ಒಪ್ಪಿಕೊಂಡರೆ ಪ್ರತಿ ಭೇಟಿಯಲ್ಲೂ ಮನೆಯವರು ಸೋತಂತಾಗುತ್ತದೆ, ತುತ್ತು ತುತ್ತಿಗೂ ಜಗಳ ಹತ್ತುತ್ತದೆ. ನಿಜವಾದ ಗುರಿ ಇಳಿಕೆಯ ವೇಗವನ್ನು ತಗ್ಗಿಸುವುದು, ಎದ್ದು ಓಡಾಡುವ ಶಕ್ತಿಯನ್ನು ಉಳಿಸುವುದು, ನಿಗದಿತ ದಿನಕ್ಕೆ ನಿಗದಿತ ಪ್ರಮಾಣದ ಕಿಮೊ ತಗೊಳ್ಳುವಂತೆ ಇಡುವುದು. ಸ್ನಾಯು ಕಡಿಮೆಯಿರುವವರಲ್ಲಿ ಕಿಮೊ ಔಷಧದ ದುಷ್ಪರಿಣಾಮ ಹೆಚ್ಚು, ಡೋಸ್ ತಗ್ಗಿಸಬೇಕಾಗುವುದೂ ಹೆಚ್ಚು. ಆದ್ದರಿಂದ ಇದು ಸಣ್ಣ ಗುರಿಯಲ್ಲ. ಗೆಡ್ಡೆ ಕಿಮೊಗೆ ಬಗ್ಗಿದರೆ ತೂಕ ಏರುವ ಕಾಲ ತಾನಾಗಿ ಬರಬಹುದು. ಅಲ್ಲಿಯವರೆಗೆ ಅವನನ್ನು ತಲುಪಿಸಬೇಕು.

ಈ ರೈತನಿಗೆ ಮೊದಲ ಮೂರು ವಾರದ ಗುರಿಯನ್ನು ಹೀಗೆ ಬರೆಯಬಹುದು. ಮೂರನೆಯ ವಾರದ ಹೊತ್ತಿಗೆ ಊಟ 1,200 ಕ್ಯಾಲೊರಿ, ಪ್ರೋಟೀನ್ 40 ಗ್ರಾಮ್. ಮುಂದಿನ ಭೇಟಿಯಲ್ಲಿ ತೂಕ 54 ಕಿಲೊಗಿಂತ ಕೆಳಗೆ ಹೋಗದಿರುವುದು. ಕುರ್ಚಿಯ ಪರೀಕ್ಷೆ 16 ಸೆಕೆಂಡಿಗಿಂತ ಹೆಚ್ಚಾಗದಿರುವುದು. ಕನಿಷ್ಠ ಅಗತ್ಯವಾದ ಸುಮಾರು 1,400 ಕ್ಯಾಲೊರಿಯನ್ನು ಮೊದಲ ದಿನವೇ ಕೇಳುವುದಿಲ್ಲ. ಹಾಗೆ ಕೇಳಿದರೆ ವಾಂತಿಯಾಗಿ ಇದ್ದದ್ದೂ ಹೋಗುತ್ತದೆ. ಇನ್ನೊಂದು ಅಪಾಯವೂ ಇದೆ. ಹಲವು ದಿನ ಏನೂ ತಿನ್ನದೆ ಇದ್ದವರಿಗೆ ಒಮ್ಮೆಲೇ ಪೂರ್ಣ ಆಹಾರ ಕೊಟ್ಟರೆ, ಅದರಲ್ಲೂ ನಳಿಕೆಯಿಂದಲೋ ರಕ್ತನಾಳದಿಂದಲೋ ಕೊಟ್ಟರೆ, ರಕ್ತದ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ಕುಸಿದು ಹೃದಯಕ್ಕೆ ಅಪಾಯವಾಗುತ್ತದೆ. ಅಂಥವರಿಗೆ ಥಯಾಮಿನ್ ಕೊಟ್ಟು, ಆ ಲವಣಗಳನ್ನು ಪರೀಕ್ಷಿಸುತ್ತ, ಅರ್ಧದಿಂದ ಆರಂಭಿಸಿ ಕೆಲವು ದಿನಗಳಲ್ಲಿ ಏರಿಸಬೇಕು.

ಊಟಕ್ಕೆ ಮೊದಲು ಅಡ್ಡಿಗಳನ್ನು ತೆಗೆಯಬೇಕು. ಟಾರ್ಚ್ ಹಾಕಿ ನೋಡಿದಾಗ ಅವನ ಬಾಯಲ್ಲಿ ಬಿಳಿ ಪದರವಿತ್ತು. ನಾಲ್ಕು ದಿನದಿಂದ ಮಲವಿಸರ್ಜನೆಯಾಗಿರಲಿಲ್ಲ. ವಾಂತಿ ತಡೆಯುವ ಮಾತ್ರೆಯೂ ನೋವಿನ ಮಾತ್ರೆಯೂ ಸೇರಿ ಮಲಬದ್ಧತೆ ತರುವುದುಂಟು, ಅದೊಂದೇ ಹಸಿವನ್ನು ಕೊಲ್ಲಬಲ್ಲದು. ವಾಂತಿಯ ಮಾತ್ರೆಯನ್ನು ಅವನು ವಾಕರಿಕೆ ಜೋರಾದ ಮೇಲೆ ತಗೊಳ್ಳುತ್ತಿದ್ದ. ಅದನ್ನು ಹೇಳಿದ ಹೊತ್ತಿಗೆ ಮೊದಲೇ ತಗೊಳ್ಳಬೇಕು. ಈ ಮೂರನ್ನು ಸರಿಪಡಿಸುವುದರಿಂದಲೇ ಕೆಲವು ತುತ್ತು ಹೆಚ್ಚು ಇಳಿಯುತ್ತದೆ.

ಆಮೇಲೆ ಸೇರಿಸುವ ಆಹಾರ. ಎರಡು ಮೊಟ್ಟೆ, ಒಂದು ಲೋಟ ಎಮ್ಮೆಹಾಲಿನಲ್ಲಿ ಎರಡು ಚಮಚ ಪುಟಾಣಿ ಹಿಟ್ಟು, ಅನ್ನ ರೊಟ್ಟಿಯ ಮೇಲೆ ಎರಡು ಚಮಚ ಶೇಂಗಾ ಹಿಂಡಿ, ಒಂದೆರಡು ಚಮಚ ತುಪ್ಪ ಅಥವಾ ಎಣ್ಣೆ. ಇಷ್ಟರಿಂದ 600 ಕ್ಯಾಲೊರಿ, 30 ಗ್ರಾಮ್ ಪ್ರೋಟೀನ್ ಆಗುತ್ತದೆ. ಅದರಲ್ಲಿ ಮೂರರಲ್ಲೆರಡು ಪಾಲು ಹೊಟ್ಟೆಗೆ ಹೋದರೂ ಗುರಿ ಮುಟ್ಟುತ್ತದೆ, ಲೆಕ್ಕ ಹಾಕಿರುವುದೂ ಹಾಗೆಯೇ. ಮೊಟ್ಟೆ ತಿನ್ನದ ಮನೆಗಳಲ್ಲಿ ಗಟ್ಟಿ ಮೊಸರು, ಹಾಲಿನ ಪುಡಿ, ಬೇಳೆಯ ಕಟ್ಟಿನ ಬದಲು ಬೇಳೆಯೇ ಆ ಜಾಗಕ್ಕೆ ಬರಬೇಕು. ಖಾರ ತಡೆಯದ ಬಾಯಿಗೆ ಹಿಂಡಿಯನ್ನು ಮೆಣಸಿನಕಾಯಿ ಇಲ್ಲದೆ ಕುಟ್ಟಬೇಕು. ಹಾಲು ಕಾಯಿಸಿಯೇ ಕೊಡಬೇಕು, ಮೊಟ್ಟೆ ಪೂರ್ತಿ ಬೆಂದಿರಬೇಕು, ಏಕೆಂದರೆ ಕಿಮೊ ಸಮಯದಲ್ಲಿ ಸೋಂಕು ತಡೆಯುವ ಬಿಳಿ ರಕ್ತಕಣಗಳು ಇಳಿದಿರುತ್ತವೆ. ಸಕ್ಕರೆ ಕ್ಯಾನ್ಸರನ್ನು ಬೆಳೆಸುತ್ತದೆ, ಹಾಲು ಬಿಡಬೇಕು, ಮೊಟ್ಟೆ ಉಷ್ಣ ಎಂಬ ಪಥ್ಯಗಳು ಮೊಬೈಲಿನಿಂದಲೂ ಅಕ್ಕಪಕ್ಕದವರಿಂದಲೂ ಮನೆ ಸೇರುತ್ತವೆ. ಸೊರಗುತ್ತಿರುವ ರೋಗಿಯ ತಟ್ಟೆಯಿಂದ ಇವನ್ನೆಲ್ಲ ತೆಗೆದರೆ ಉಳಿಯುವುದು ಅದೇ ತಿಳಿಗಂಜಿ.

ಎಲ್ಲ ದಿನಗಳೂ ಒಂದೇ ಅಲ್ಲ ಎಂಬುದನ್ನು ಯೋಜನೆಯಲ್ಲಿ ಸೇರಿಸಬೇಕು. ಕಿಮೊ ದಿನವೇ ಒಂದು ಉಪವಾಸದ ದಿನವಾಗಿಬಿಡುತ್ತದೆ: ನಸುಕಿನ ಬಸ್ಸಿಗೆ ಖಾಲಿ ಹೊಟ್ಟೆಯಲ್ಲಿ ಹೊರಟು, ರಕ್ತ ಕೊಟ್ಟು, ರಿಪೋರ್ಟಿಗೆ ಕಾದು, ಔಷಧ ಮುಗಿದು ಊರು ಸೇರುವಾಗ ರಾತ್ರಿ. ಮಳೆಗಾಲದಲ್ಲಿ ಘಟ್ಟದ ಸೆರಗಿನ ಹಳ್ಳಿಗಳಿಗೆ ಇನ್ನೂ ತಡ. ರಕ್ತಕಣಗಳ ಎಣಿಕೆಗೆ ಖಾಲಿ ಹೊಟ್ಟೆ ಬೇಕಿಲ್ಲ. ತಿಂದು ಹೊರಡಬೇಕು, ಡಬ್ಬಿ ಕಟ್ಟಿಕೊಂಡು ಬರಬೇಕು ಎಂದು ಹಿಂದಿನ ಭೇಟಿಯಲ್ಲೇ ಹೇಳಿದರೆ ಒಂದು ದಿನದ ಊಟ ಉಳಿಯುತ್ತದೆ. ಆಕ್ಸಾಲಿಪ್ಲಾಟಿನ್ ಆದ ಮೇಲೆ ಕೆಲವು ದಿನ ತಣ್ಣನೆಯದು ಗಂಟಲಿಗೆ ತಾಗಿದರೆ ಜುಮುಗುಟ್ಟಿ ಉಸಿರು ಕಟ್ಟಿದಂತಾಗುತ್ತದೆ. ಫ್ರಿಜ್ಜಿನ ಮಜ್ಜಿಗೆ ಬೇಡ, ಹದ ಬೆಚ್ಚಗಿರಲಿ. ಕ್ಯಾಪೆಸಿಟಾಬಿನ್ ಮಾತ್ರೆಯನ್ನು ಊಟವಾದ ಅರ್ಧ ಗಂಟೆಯೊಳಗೆ ನುಂಗಬೇಕಾದ್ದರಿಂದ ಬೆಳಗ್ಗೆ ರಾತ್ರಿ ಎರಡು ಹೊತ್ತಾದರೂ ಏನಾದರೂ ತಿನ್ನಿಸಲು ಅದೇ ನೆಪವಾಗುತ್ತದೆ. ಮೊದಲ ವಾರ ವಾಕರಿಕೆಯ ವಾರ, ಅಲ್ಲಿ ಸೋಲು ಗೆಲುವು ಎಣಿಸಬಾರದು. ಹೆಚ್ಚಿನವರಿಗೆ ಬಾಯಿ ತಿಳಿಯಾಗುವುದು ಮೂರನೆಯ ವಾರ. ಪ್ರೋಟೀನಿನ ಬಹುಪಾಲು ಆಗ ಸೇರಬೇಕು. ಜೊತೆಗೆ ದಿನಕ್ಕೆ ಎರಡು ಸಲ, ಆದಷ್ಟು ಸಲ ಕುರ್ಚಿಯಿಂದ ಎದ್ದು ಕೂರುವುದು, ಅಂಗಳದಲ್ಲಿ ನಡೆಯುವುದು. ಮಲಗಿಯೇ ಇರುವ ಸ್ನಾಯು ತಿಂದ ಪ್ರೋಟೀನನ್ನು ಸರಿಯಾಗಿ ಬಳಸಿಕೊಳ್ಳುವುದಿಲ್ಲ.

ಎರಡನೆಯ ಭೇಟಿಯಲ್ಲಿ ತೂಕ 54.4. ಮಗನ ಮುಖ ಬಾಡಿತು, ‘ಮತ್ತ ಇಳದಾರಲ್ರಿ’ ಎಂದ. ಹಿಂದಿನ ಒಂದೇ ತಿಂಗಳಲ್ಲಿ 3 ಕಿಲೊ ಇಳಿದಿದ್ದವನು ಮೂರು ವಾರದ ಕಿಮೊದಲ್ಲಿ 600 ಗ್ರಾಮ್ ಮಾತ್ರ ಇಳಿದಿದ್ದ. ಕೈಹಿಡಿತ 22ರಲ್ಲೇ ನಿಂತಿತ್ತು. ಮೂರನೆಯ ವಾರದ ಊಟ 1,250 ಕ್ಯಾಲೊರಿ ದಾಟಿತ್ತು. ಇಟ್ಟ ಗುರಿ ಮುಟ್ಟಿದೆ ಎಂದು ಕಾಗದ ತೋರಿಸಿ ಹೇಳಬೇಕಾದದ್ದು ಈ ಗಳಿಗೆಯಲ್ಲಿ. ಮೂರನೆಯ ಭೇಟಿಯಲ್ಲಿ ತೂಕ 55.3 ಆಯಿತು, ಮನೆಯವರಿಗೆ ಹಿಗ್ಗು. ಆದರೆ ಕಾಲಿನ ಎಲುಬಿನ ಮೇಲೆ ಹೆಬ್ಬೆರಳಿನ ಗುಳಿ ಉಳಿಯಿತು, ಕುರ್ಚಿಯ ಪರೀಕ್ಷೆ 18 ಸೆಕೆಂಡಿಗೆ ಹೋಯಿತು. ಏರಿದ್ದು ನೀರು, ಕಾರಣವನ್ನು ವೈದ್ಯರು ಹುಡುಕಬೇಕು. ಅಂಥ ವೇಳೆ ತೋಳಿನ ನಡುವಿನ ಸುತ್ತಳತೆಯನ್ನು ಟೇಪಿನಿಂದ ಅಳೆದು ಬರೆದಿಟ್ಟುಕೊಂಡರೆ, ಕಾಲಿನ ಊತಕ್ಕೆ ಮೋಸಹೋಗದೆ ಮುಂದಿನ ಹೋಲಿಕೆಗೆ ಒದಗುತ್ತದೆ.

ಇನ್ನು ಜನ ಊಟಕ್ಕಿಂತ ಹೆಚ್ಚು ನಂಬುವ ಸಲಾಯಿನ್ ಮತ್ತು ಔಷಧಗಳ ಮಾತು. ‘ಒಂದು ಬಾಟ್ಲಿ ಹಚ್ರಿ, ಶಕ್ತಿ ಬರ್ತದ’ ಎಂಬ ಕೋರಿಕೆ ಪ್ರತಿ ಆಸ್ಪತ್ರೆಯಲ್ಲೂ ಕೇಳಿಬರುತ್ತದೆ. ಅರ್ಧ ಲೀಟರಿನ ಶೇ. 5ರ ಗ್ಲೂಕೋಸ್ ಬಾಟ್ಲಿಯಲ್ಲಿ 25 ಗ್ರಾಮ್ ಗ್ಲೂಕೋಸ್, ಅಂದರೆ 85 ಕ್ಯಾಲೊರಿ, ಪ್ರೋಟೀನ್ ಸೊನ್ನೆ. ಒಂದು ಮೊಟ್ಟೆ ಇದಕ್ಕೆ ಹೆಚ್ಚುಕಡಿಮೆ ಸಮ, ಜೊತೆಗೆ ಆರು ಗ್ರಾಮ್ ಪ್ರೋಟೀನ್ ಕೊಡುತ್ತದೆ. ವಾಂತಿ ಭೇದಿಯಿಂದ ನೀರು ಬತ್ತಿದ್ದಾಗ ಬಾಟ್ಲಿ ಬೇಕೇಬೇಕು, ಪೋಷಣೆಗಾಗಿ ಅಲ್ಲ.

ಔಷಧಗಳಲ್ಲಿ ಪುದುಚೇರಿಯ ಜಿಪ್ಮರ್ ಸಂಸ್ಥೆಯ ಅಧ್ಯಯನ ಗಮನಾರ್ಹ. 2023ರಲ್ಲಿ ಪ್ರಕಟವಾದ ಅದರಲ್ಲಿ ಜಠರ, ಯಕೃತ್ತು-ಪಿತ್ತ-ಮೇದೋಜೀರಕ ಮತ್ತು ಶ್ವಾಸಕೋಶದ ಮುಂದುವರಿದ ಕ್ಯಾನ್ಸರಿನ 124 ರೋಗಿಗಳಿದ್ದರು. ಕಿಮೊ ಜೊತೆಗೆ 12 ವಾರ ದಿನಕ್ಕೆ 2.5 ಮಿಲಿಗ್ರಾಮ್ ಓಲಾಂಜಪಿನ್ ತಗೊಂಡವರಲ್ಲಿ ಶೇ. 60ರಷ್ಟು ಜನರ ತೂಕ ಶೇ. 5ಕ್ಕಿಂತ ಹೆಚ್ಚು ಏರಿತು. ಹುಸಿಮಾತ್ರೆ ತಗೊಂಡವರಲ್ಲಿ ಶೇ. 9 ಮಾತ್ರ. ಅದೇ ವರ್ಷ ಅಮೆರಿಕದ ಕ್ಯಾನ್ಸರ್ ವೈದ್ಯರ ಸಂಘ ತನ್ನ ಮಾರ್ಗಸೂಚಿಯಲ್ಲಿ ಇದನ್ನು ಸೇರಿಸಿಕೊಂಡಿತು. ಮಾತ್ರೆ ಅಗ್ಗವೂ ಹೌದು. ಏರಿದ್ದು ತೂಕ ಎಂಬುದನ್ನು ಗಮನದಲ್ಲಿಡಬೇಕು, ಸ್ನಾಯು ಅಷ್ಟೇ ಏರಿದೆ ಎಂದು ಭಾವಿಸಲಾಗದು. ನಿದ್ದೆಗಣ್ಣು ತರುತ್ತದೆ, ಸಕ್ಕರೆ ಏರಿಸಬಹುದು. ಕೊಡುವ ತೀರ್ಮಾನ ಕ್ಯಾನ್ಸರ್ ವೈದ್ಯರದು. ಸ್ಟೀರಾಯ್ಡ್ ಎರಡು ಮೂರು ವಾರ ಹಸಿವು ತರುತ್ತದೆ, ಮುಂದುವರಿಸಿದರೆ ಸ್ನಾಯುವನ್ನೇ ತಿನ್ನುತ್ತದೆ. ಮೆಜೆಸ್ಟ್ರಾಲ್‌ನಿಂದ ಏರುವುದು ಬಹುಮಟ್ಟಿಗೆ ಕೊಬ್ಬು ಮತ್ತು ನೀರು, ರಕ್ತ ಹೆಪ್ಪುಗಟ್ಟುವ ಅಪಾಯವೂ ಉಂಟು.

ಕಡೆಯ ವಿಷಯ, ಗುರಿಯನ್ನು ಬದಲಿಸುವ ಹಂತ. ಸ್ಕ್ಯಾನಿನಲ್ಲಿ ಗೆಡ್ಡೆ ಬೆಳೆಯುತ್ತಲೇ ಇದ್ದು, ಬೇರೆ ಕಿಮೊ ಉಳಿದಿಲ್ಲದೆ, ರೋಗಿ ದಿನದ ಬಹುಪಾಲು ಮಲಗಿರುವಾಗ ಕ್ಯಾಲೊರಿ ಲೆಕ್ಕ ಮುಂದುವರಿಸುವುದು ಅವನಿಗೆ ಹಿಂಸೆ. ಆ ಹಂತದಲ್ಲಿ ನಳಿಕೆಯ ಆಹಾರವಾಗಲಿ ರಕ್ತನಾಳದ ಆಹಾರವಾಗಲಿ ಆಯುಷ್ಯವನ್ನೂ ಶಕ್ತಿಯನ್ನೂ ಹೆಚ್ಚಿಸುವ ಭರವಸೆ ಕೊಡುವುದಿಲ್ಲ. ಊತ, ಸೋಂಕು, ಉಸಿರಾಟದ ತೊಂದರೆ ಸೇರಿಕೊಳ್ಳಬಹುದು. ಗಂಟಲಿನ ಗೆಡ್ಡೆಯಿಂದ ನುಂಗಲಾಗದೆ ಹಸಿದಿರುವ, ಆದರೆ ಚಿಕಿತ್ಸೆಗೆ ಬಗ್ಗುತ್ತಿರುವ ರೋಗಿಯ ವಿಷಯ ಬೇರೆ, ಅವನಿಗೆ ನಳಿಕೆ ಜೀವ ಉಳಿಸುತ್ತದೆ. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಮರಳದ ಹಂತದಲ್ಲಿ ಗುರಿ ಎಂದರೆ ಬಾಯಿ ಒಣಗದಂತೆ ನೋಡುವುದು, ವಾಕರಿಕೆ ನೋವುಗಳನ್ನು ತಣಿಸುವುದು, ಅವನು ಕೇಳಿದ್ದನ್ನು ಕೇಳಿದಷ್ಟೇ ಕೊಡುವುದು. ತೂಗುವುದನ್ನು ನಿಲ್ಲಿಸಬೇಕು.

ಮನೆಯವರಿಗೆ ಇದನ್ನು ಹೇಳುವುದು ಅತ್ಯಂತ ಕಷ್ಟದ ಭಾಗ. ‘ಉಣ್ಣಲಾರದಕ್ಕ ಹಿಂಗಾದ್ರು’ ಎಂದು ಹೆಂಡತಿ ತನ್ನನ್ನೇ ದೂರಿಕೊಳ್ಳುತ್ತಿರುತ್ತಾಳೆ. ಉಣ್ಣದ ಕಾರಣಕ್ಕೆ ರೋಗ ಹೆಚ್ಚಿದ್ದಲ್ಲ, ರೋಗ ಹೆಚ್ಚಿದ್ದರಿಂದ ಉಣ್ಣಲಾಗುತ್ತಿಲ್ಲ ಎಂದು ವೈದ್ಯರೂ ನರ್ಸೂ ಆಹಾರತಜ್ಞೆಯೂ ಒಂದೇ ಮಾತಿನಲ್ಲಿ, ಬಾಯಿಬಿಟ್ಟು ಹೇಳಬೇಕು. ಊರಿನ ಆಶಾ ಕಾರ್ಯಕರ್ತೆಗೂ ಅದೇ ದಿನ ಫೋನ್ ಮಾಡಿ ತಿಳಿಸಿದರೆ, ಮರುದಿನ ನೋಡಲು ಬರುವ ನೆಂಟರು ‘ಯಾಕ ಏನೂ ತಿನಸವಲ್ಲಿ?’ ಎಂದು ಕೇಳಿದಾಗ ಆ ಮನೆಯಲ್ಲಿ ಉತ್ತರ ಕೊಡುವವರೊಬ್ಬರು ಇರುತ್ತಾರೆ.